ಕೈವಾರದ ಮುಳ್ಳು ಒಂದೇ ಸಲ ಊರಿದರೆ ಸಾಕು

ಬರೆದು ಮುಗಿಸಿದ ಡ್ರಾಯಿಂಗ್ ಶೀಟನ್ನು ಬೋರ್ಡಿನಿಂದ ಬಿಡಿಸಿ ಬೆಳಕಿಗೆ ಹಿಡಿಯಿರಿ. ಬರೆದವರ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಒಂದು ಕಂಸಕ್ಕೆ ಒಂದೇ ಕೇಂದ್ರ, ಹಾಗಾಗಿ ಒಂದೇ ತೂತು ಇರಬೇಕು. ಆದರೆ ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಹಾಳೆಗಳಲ್ಲಿ ನಾನು ಕಂಡಿರುವುದು ಐದಾರು ತೂತುಗಳ ಗುಂಪು. ಕೈವಾರವನ್ನು ಇಲ್ಲಿ ಊರಿ ನೋಡುವುದು, ತಾಗಲಿಲ್ಲವೆಂದು ಕೂದಲೆಳೆಯಷ್ಟು ಸರಿಸುವುದು, ಮತ್ತೆ ಊರುವುದು. ಕೊನೆಗೆ ಕಂಸ ವೃತ್ತವನ್ನು ಮುಟ್ಟಿದಂತೆ ಕಾಣುತ್ತದೆ. ಆದರೆ ದಪ್ಪ ಪೆನ್ಸಿಲ್ ಓಡಿಸಿದಾಗ ಕೂಡುವ ಜಾಗದಲ್ಲಿ ಒಂದು ಸಣ್ಣ ಗಂಟು ಉಳಿದುಬಿಡುತ್ತದೆ.

ಈ ಹುಡುಕಾಟ ಬೇಕಿಲ್ಲ. ಎರಡು ವೃತ್ತಗಳು ಒಂದನ್ನೊಂದು ಸ್ಪರ್ಶಿಸಿದಾಗ ಅವುಗಳ ಕೇಂದ್ರಗಳೂ ಸ್ಪರ್ಶಬಿಂದುವೂ ಒಂದೇ ಸರಳರೇಖೆಯ ಮೇಲೆ ಬೀಳುತ್ತವೆ. ಹೊರಗಿನಿಂದ ತಾಗಿದರೆ ಕೇಂದ್ರಗಳ ನಡುವಿನ ದೂರ ತ್ರಿಜ್ಯಗಳ ಮೊತ್ತ. ಒಂದು ಇನ್ನೊಂದರ ಹೊಟ್ಟೆಯೊಳಗಿದ್ದು ತಾಗಿದರೆ ತ್ರಿಜ್ಯಗಳ ವ್ಯತ್ಯಾಸ. ಇಷ್ಟನ್ನೇ ಹಿಡಿದು ಒಂದು ಲಿವರ್ ಬರೆಯೋಣ. ಎಡಗಡೆ 20 ಮಿ.ಮೀ. ತ್ರಿಜ್ಯದ ವೃತ್ತ, ಬಲಗಡೆ 30 ಮಿ.ಮೀ. ತ್ರಿಜ್ಯದ ವೃತ್ತ, ಕೇಂದ್ರಗಳ ಅಂತರ 80 ಮಿ.ಮೀ. ಮೇಲ್ಭಾಗದಲ್ಲಿ ಎರಡನ್ನೂ ಕೂಡಿಸುವ, ಒಳಕ್ಕೆ ತಗ್ಗಿದ 40 ಮಿ.ಮೀ. ತ್ರಿಜ್ಯದ ಕಂಸ, ಕೆಳಭಾಗದಲ್ಲಿ ಹೊರಕ್ಕೆ ಉಬ್ಬಿದ 100 ಮಿ.ಮೀ. ತ್ರಿಜ್ಯದ ಕಂಸ.

ಹೆಜ್ಜೆ 1. ಅಡ್ಡ ಕೇಂದ್ರರೇಖೆ ಎಳೆದು 80 ಮಿ.ಮೀ. ಅಂತರದಲ್ಲಿ ಕ ಮತ್ತು ಖ ಎಂಬ ಬಿಂದುಗಳನ್ನು ಗುರುತಿಸಿ, 2H ಪೆನ್ಸಿಲ್‌ನಲ್ಲಿ ತೆಳುವಾಗಿ ಎರಡೂ ವೃತ್ತಗಳನ್ನು ಬರೆಯಿರಿ.

ಹೆಜ್ಜೆ 2: ತಗ್ಗಿದ ಕಂಸದ ಕೇಂದ್ರ. ಇದು ಎರಡೂ ವೃತ್ತಗಳನ್ನು ಹೊರಗಿನಿಂದ ಮುಟ್ಟುವ ಕಂಸ, ಆದ್ದರಿಂದ ಕೂಡಿಸಬೇಕು. ಕೈವಾರವನ್ನು 40 ಮತ್ತು 20, ಅಂದರೆ 60 ಮಿ.ಮೀ.ಗೆ ತೆರೆದು ಕ ಬಿಂದುವಿನಿಂದ ಮೇಲ್ಗಡೆ ಒಂದು ಸಣ್ಣ ಕಂಸ ಹಾಕಿ. 40 ಮತ್ತು 30, ಅಂದರೆ 70 ಮಿ.ಮೀ.ಗೆ ತೆರೆದು ಖ ಬಿಂದುವಿನಿಂದ ಅದನ್ನು ಕತ್ತರಿಸಿ. ಕತ್ತರಿಸಿದ ಜಾಗವೇ ಕೇಂದ್ರ ಗ. ನಿಮ್ಮ ಹಾಳೆಯಲ್ಲಿ ಅದು ಕ ಬಿಂದುವಿನಿಂದ ಬಲಕ್ಕೆ ಸುಮಾರು 32, ಮೇಲಕ್ಕೆ ಸುಮಾರು 51 ಮಿ.ಮೀ. ದೂರದಲ್ಲಿ ಇರಬೇಕು. ಇಲ್ಲದಿದ್ದರೆ ಮುಂದೆ ಹೋಗಬೇಡಿ.

ಹೆಜ್ಜೆ 3: ಉಬ್ಬಿದ ಕಂಸದ ಕೇಂದ್ರ. ಬಹುತೇಕರು ಎಡವುವುದು ಇಲ್ಲಿ. ಈ ಕಂಸ ಎರಡೂ ವೃತ್ತಗಳನ್ನು ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡು ಮುಟ್ಟುತ್ತದೆ, ಆದ್ದರಿಂದ ಕಳೆಯಬೇಕು. ಕ ಬಿಂದುವಿನಿಂದ 100ರಲ್ಲಿ 20 ಕಳೆದು 80 ಮಿ.ಮೀ., ಖ ಬಿಂದುವಿನಿಂದ 100ರಲ್ಲಿ 30 ಕಳೆದು 70 ಮಿ.ಮೀ. ತೆರೆದು ಕಂಸಗಳನ್ನು ಹಾಕಿ. ಯಾವ ಕಡೆಗೆ? ಉಬ್ಬು ಕೆಳಗಿದೆ ಎಂದುಕೊಂಡು ಕೇಂದ್ರವನ್ನೂ ಕೆಳಗೇ ಹುಡುಕುವವರು ಹತ್ತರಲ್ಲಿ ಏಳು ಮಂದಿ. ಕೆಳಗಿನ ಉಬ್ಬಿನ ಕೇಂದ್ರ ಮೇಲಿರುತ್ತದೆ, ಬಾಣಲೆಯ ತಳಕ್ಕೆ ಕೇಂದ್ರ ಬಾಣಲೆಯ ಮೇಲ್ಗಡೆ ಇರುವಂತೆ. ಹಾಗಾಗಿ ಈ ಲಿವರಿನಲ್ಲಿ ಎರಡೂ ಕಂಸಗಳ ಕೇಂದ್ರಗಳು ಅಡ್ಡರೇಖೆಯ ಮೇಲ್ಗಡೆಯೇ ಬೀಳುತ್ತವೆ. ಹೊಸ ಕೇಂದ್ರ ಘ, ಕ ಬಿಂದುವಿನಿಂದ ಬಲಕ್ಕೆ ಸುಮಾರು 49, ಮೇಲಕ್ಕೆ 63 ಮಿ.ಮೀ.

ಹೆಜ್ಜೆ 4: ಸ್ಪರ್ಶಬಿಂದುಗಳು. ಕೇಂದ್ರ ಸಿಕ್ಕಿತಲ್ಲ ಎಂದು ಇದನ್ನು ಬಿಡುವವರೇ ಹೆಚ್ಚು. ಬಿಟ್ಟರೆ ಕಂಸವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಸ್ಪರ್ಶಬಿಂದುವಿನ ಆಸುಪಾಸಿನಲ್ಲಿ ಎರಡು ಗೆರೆಗಳು ಎಷ್ಟೋ ದೂರ ಒಂದರ ಮೇಲೊಂದು ಮಲಗಿದಂತೆ ಓಡುತ್ತವೆ, ಬರಿಗಣ್ಣಿಗೆ ಬೇರ್ಪಡಿಸಲಾಗದು. ತಗ್ಗಿದ ಕಂಸಕ್ಕೆ ಗ ಬಿಂದುವಿನಿಂದ ಕ ಮತ್ತು ಖ ಬಿಂದುಗಳಿಗೆ ಗೆರೆ ಎಳೆಯಿರಿ. ಆ ಗೆರೆಗಳು ವೃತ್ತಗಳನ್ನು ಕತ್ತರಿಸುವ ಜಾಗಗಳೇ ಸ್ಪರ್ಶಬಿಂದುಗಳು. ಉಬ್ಬಿದ ಕಂಸಕ್ಕೆ ಮಾತ್ರ ಗೆರೆ ಕೇಂದ್ರದಲ್ಲಿ ನಿಲ್ಲಬಾರದು. ಘ ಬಿಂದುವಿನಿಂದ ಹೊರಟು ಕ ಬಿಂದುವನ್ನು ದಾಟಿ ವೃತ್ತದ ಆಚೆ ಬದಿಯನ್ನು ತಲುಪಬೇಕು. ಖ ಕಡೆಗೂ ಹಾಗೆಯೇ. ನಾಲ್ಕೂ ಕಡೆ ಗೆರೆಗೆ ಅಡ್ಡಲಾಗಿ ಚಿಕ್ಕ ಗೀಟು ಹಾಕಿ.

ಹೆಜ್ಜೆ 5. ಗೀಟಿನಿಂದ ಗೀಟಿಗೆ ದಪ್ಪಗೆರೆ ಎಳೆಯಿರಿ. ರೇಖಾಚಿತ್ರದಲ್ಲಿ ನೇರ ಗೆರೆಗಳಿದ್ದರೆ ಅವು ಕೊನೆಗೆ. ಕಂಸಕ್ಕೆ ಗೆರೆಯನ್ನು ಹೊಂದಿಸುವುದು ಸುಲಭ, ಗೆರೆಗೆ ಕಂಸವನ್ನು ಹೊಂದಿಸುವುದು ತಲೆನೋವು.

ಇಷ್ಟೆಲ್ಲ ಸರಿಯಿದ್ದೂ 100 ಮಿ.ಮೀ. ಕಂಸ ಎರಡನೆಯ ಗೀಟನ್ನು ತಪ್ಪಿಸಿದರೆ ಬೈಯಬೇಕಾದ್ದು ಕೈವಾರವನ್ನು. ಪೆಟ್ಟಿಗೆಯಲ್ಲಿ ಹತ್ತು ಸಾಮಾನು ತುಂಬಿ ಅಗ್ಗಕ್ಕೆ ಕೊಡುವ ಸೆಟ್ಟಿನ ಕೈವಾರದ ಕೀಲು ಸಡಿಲ. ದೊಡ್ಡ ತ್ರಿಜ್ಯಕ್ಕೆ ಕಾಲು ಚಾಚಿದಾಗ ಒತ್ತಡಕ್ಕೆ ಇನ್ನಷ್ಟು ಅಗಲವಾಗುತ್ತದೆ. ನಡುವೆ ತಿರುಪು ಇರುವ ಒಂದೇ ಒಂದು ಗಟ್ಟಿ ಕೈವಾರ ಕೊಳ್ಳಿ, ಉಳಿದ ಒಂಬತ್ತು ಸಾಮಾನು ಬೇಡ.

ಕೊಟ್ಟ ತ್ರಿಜ್ಯ ಸಾಧ್ಯವೇ ಎಂಬುದೂ ಮೊದಲೇ ತಿಳಿಯುತ್ತದೆ. ಎರಡು ತೆರಪುಗಳ ಮೊತ್ತ ಕೇಂದ್ರಗಳ ಅಂತರಕ್ಕಿಂತ ಕಡಿಮೆಯಾದರೆ ಸಣ್ಣ ಕಂಸಗಳು ಕತ್ತರಿಸುವುದೇ ಇಲ್ಲ. ನಮ್ಮ ಲಿವರಿನಲ್ಲಿ ತಗ್ಗಿದ ಕಂಸ 15 ಮಿ.ಮೀ.ಗಿಂತ, ಉಬ್ಬಿದ್ದು 65 ಮಿ.ಮೀ.ಗಿಂತ ಕಡಿಮೆ ತ್ರಿಜ್ಯದ್ದಾಗಲಾರದು. ಆಟೊಕ್ಯಾಡ್‌ನಲ್ಲಿ `CIRCLE` ಕೊಟ್ಟು `TTR` ಆರಿಸಿ ಅಸಾಧ್ಯ ತ್ರಿಜ್ಯ ಒತ್ತಿದಾಗ `Circle does not exist.` ಎಂದು ಬರುವುದು ಇದೇ ಕಾರಣಕ್ಕೆ. ಅಲ್ಲಿಯೂ ವೃತ್ತದ ಯಾವ ಬದಿಯನ್ನು ಕ್ಲಿಕ್ ಮಾಡುತ್ತೀರಿ ಎಂಬುದರ ಮೇಲೆ ತಗ್ಗು ಬರುತ್ತದೋ ಉಬ್ಬು ಬರುತ್ತದೋ ನಿಂತಿದೆ; ಸ್ಪರ್ಶಬಿಂದು ಬೀಳುವ ಬದಿಯನ್ನೇ ಒತ್ತಿ.

ನಾಲ್ಕು ಕೇಂದ್ರಗಳ ದೀರ್ಘವೃತ್ತದಲ್ಲೂ ಕೆಲಸ ಮಾಡುವುದು ಇದೇ ನಿಯಮ. 100 ಮತ್ತು 60 ಮಿ.ಮೀ. ಅಕ್ಷಗಳಿರಲಿ, ನಡುಬಿಂದು ಮ, ಉದ್ದಕ್ಷದ ತುದಿ ಪ, ಗಿಡ್ಡಕ್ಷದ ತುದಿ ತ. ಪ ಮತ್ತು ತ ಕೂಡಿಸಿ. ಅರ್ಧಾಕ್ಷಗಳ ವ್ಯತ್ಯಾಸ 50ರಲ್ಲಿ 30 ಕಳೆದು 20 ಮಿ.ಮೀ. ಆ ಅಳತೆಯನ್ನು ತ ಬಿಂದುವಿನಿಂದ ಆ ಗೆರೆಯ ಮೇಲೆ ಕತ್ತರಿಸಿ. ಉಳಿದ ತುಂಡಿಗೆ ಲಂಬ ಅರ್ಧಕ ಎಳೆದರೆ ಅದು ಉದ್ದಕ್ಷವನ್ನು ಒಂದು ಕಡೆ, ಮುಂದುವರಿಸಿದ ಗಿಡ್ಡಕ್ಷವನ್ನು ಇನ್ನೊಂದು ಕಡೆ ಕತ್ತರಿಸುತ್ತದೆ. ಇವೇ ಕೇಂದ್ರಗಳು; ತ್ರಿಜ್ಯಗಳು ಸುಮಾರು 22.3 ಮತ್ತು 76.1 ಮಿ.ಮೀ. ಎರಡು ಕಂಸಗಳು ಆ ಅರ್ಧಕದ ಗೆರೆಯ ಮೇಲೆಯೇ ಗಂಟಿಲ್ಲದೆ ಕೂಡುತ್ತವೆ. ಉಳಿದ ಮೂರು ಕಾಲುಭಾಗಗಳಿಗೆ ಇದನ್ನೇ ಪ್ರತಿಬಿಂಬಿಸಿ. ಇದು ನಿಜವಾದ ದೀರ್ಘವೃತ್ತವಲ್ಲ: ಅದರ ತುದಿಯಲ್ಲಿ ವಕ್ರತೆಯ ತ್ರಿಜ್ಯ 18 ಮಿ.ಮೀ. ನಿಖರತೆ ಬೇಕಾದ ಕಡೆ ಎರಡು ಏಕಕೇಂದ್ರ ವೃತ್ತಗಳ ವಿಧಾನದಿಂದ ಬಿಂದುಗಳನ್ನು ಗುರುತಿಸಿಕೊಳ್ಳಿ.

ಬಹುಭುಜಾಕೃತಿಗಳ ಬಗ್ಗೆ ಒಂದೇ ತಕರಾರು. ವ್ಯಾಸವನ್ನು ಬಾಹುಗಳಷ್ಟು ಭಾಗ ಮಾಡಿ ಎರಡನೆಯ ಭಾಗದ ಬಿಂದುವಿನ ಮೂಲಕ ಗೆರೆ ಎಳೆಯುವ ಸಾಮಾನ್ಯ ವಿಧಾನವನ್ನು ಕರಾರುವಾಕ್ಕು ಎಂದು ಕಲಿಸುತ್ತಾರೆ, ಆದರೆ ಐದು ಮತ್ತು ಏಳು ಬಾಹುಗಳಿಗೆ ಅದು ಅಂದಾಜು. 50 ಮಿ.ಮೀ. ತ್ರಿಜ್ಯದಲ್ಲಿ ಸಪ್ತಭುಜ ಹೆಜ್ಜೆ ಹಾಕುತ್ತ ಸುತ್ತಿ ಬಂದರೆ ಕೊನೆಯಲ್ಲಿ ಅರ್ಧ ಮಿಲಿಮೀಟರಿನಷ್ಟು ಮುಂದೆ ಹೋಗಿರುತ್ತದೆ. ಆಗ ಕೈ ತಪ್ಪಿತೆಂದು ಅಳಿಸಬೇಡಿ, ತಪ್ಪು ವಿಧಾನದ್ದು. ಪಂಚಭುಜಕ್ಕೆ ನಿಖರ ದಾರಿಯೇ ಇದೆ. ಅಡ್ಡ ತ್ರಿಜ್ಯದ ನಡುಬಿಂದುವಿನಲ್ಲಿ ಮುಳ್ಳು ಊರಿ, ವೃತ್ತದ ಮೇಲ್ತುದಿಯವರೆಗೆ ತೆರೆದು, ಅದೇ ತೆರಪಿನಲ್ಲಿ ಅಡ್ಡ ವ್ಯಾಸವನ್ನು ಕೇಂದ್ರದ ಆಚೆ ಬದಿಯಲ್ಲಿ ಕತ್ತರಿಸಿ. ಮೇಲ್ತುದಿಯಿಂದ ಆ ಬಿಂದುವಿನವರೆಗಿನ ದೂರವೇ ಬಾಹು, 50 ಮಿ.ಮೀ. ತ್ರಿಜ್ಯಕ್ಕೆ 58.8 ಮಿ.ಮೀ.