ಸಾಲು ಎಲ್ಲಿ ಮುರಿಯೋದು? ಒಂದು ಹಿತ್ತಲ ಬಾಗಿಲು ಇಟ್ಕೊಂಡು ನೋಡೋಣ

ಕವಿತೆಯಲ್ಲಿ ಸಾಲು ಉದ್ದ ಗಿಡ್ಡ ಮಾಡೋದು ನವ್ಯದ ಕವಿಗಳು ತಂದಿದ್ದು ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ, ಆದ್ರೆ ಕುಮಾರವ್ಯಾಸನ ಭಾಮಿನಿ ಷಟ್ಪದಿ ತೆಗೆದು ನೋಡಿ, 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ನೇ ಸಾಲಿಗೆ 23. ಎರಡು ಗಿಡ್ಡ ಸಾಲು ಆದ್ಮೇಲೆ ಒಂದು ಉದ್ದ ಸಾಲು ಬಂದು ಉಸಿರನ್ನ ಎಳ್ಕೊಂಡು ಹೋಗತ್ತೆ. ಅಲ್ಲಿ ಅಳತೆ ಮೊದಲೇ ಕೊಟ್ಟಿರತ್ತೆ, ಮುಕ್ತ ಛಂದಸ್ಸಲ್ಲಿ ಅದನ್ನ ನಾವೇ ಹುಡುಕ್ಕೋಬೇಕು.

ಮೊದಲು ಹೇಳಬೇಕಾದ್ದನ್ನ ಗದ್ಯದ ಹಾಗೆ ಒಂದೇ ಉಸಿರಲ್ಲಿ ಬರ್ಕೊಳ್ಳಿ. ಈ ಲೇಖನಕ್ಕೆ ಅಂತ ನಾನು ಬರೆದಿದ್ದು ಇದು: ಅಜ್ಜಿ ಹೋದ ಮೇಲೆ ಹಿತ್ತಲ ಬಾಗಿಲು ಗಾಳಿಗೆ ತೆರೆದು ಮುಚ್ಚಿ ತೆರೆದು ಮುಚ್ಚಿ ಬಡಿದುಕೊಳ್ಳುತ್ತಲೇ ಇದೆ, ಯಾರೂ ಚಿಲಕ ಹಾಕಿಲ್ಲ.

ಆಮೇಲೆ ಸುಮ್ನೆ ಹೆಚ್ಚುಕಮ್ಮಿ ಒಂದೇ ಅಳತೆಗೆ ಕತ್ತರಿಸಿ:

ಅಜ್ಜಿ ಹೋದ ಮೇಲೆ ಹಿತ್ತಲ
ಬಾಗಿಲು ಗಾಳಿಗೆ ತೆರೆದು ಮುಚ್ಚಿ
ತೆರೆದು ಮುಚ್ಚಿ ಬಡಿದುಕೊಳ್ಳುತ್ತಲೇ
ಇದೆ ಯಾರೂ ಚಿಲಕ ಹಾಕಿಲ್ಲ

ನೋಡೋಕೆ ನೀಟಾಗಿದೆ, ಆದ್ರೆ ಜೋರಾಗಿ ಓದಿದ್ರೆ ಸತ್ತ ಹಾಗಿದೆ. ಹಿತ್ತಲಿಗೂ ಬಾಗಿಲಿಗೂ ನಡುವೆ ಕಾರಣ ಇಲ್ದೆ ತಡೆ, 'ಇದೆ' ಹೋಗಿ 'ಯಾರೂ'ಗೆ ಅಂಟ್ಕೊಂಡಿದೆ, ಬಾಗಿಲು ಬಡಿಯೋದು ಎಲ್ಲೂ ಕೇಳ್ತಿಲ್ಲ.

ಈಗ ಕಿವಿ ಇಟ್ಟು ಮುರೀರಿ. ಸಾಲಿನ ತುದಿಗೆ ಬಂದಾಗೆಲ್ಲ ಓದೋರು ಒಂಚೂರು ನಿಲ್ತಾರೆ, ಹಾಗಾಗಿ ಗಿಡ್ಡ ಸಾಲು ಅಂದ್ರೆ ವೇಗ ಅನ್ನೋದು ಯಾವಾಗ್ಲೂ ನಿಜ ಅಲ್ಲ, ಒಂದರ ಕೆಳಗೊಂದು ಜೋಡಿಸಿದ್ರೆ ನಿಂತು ನಿಂತು ನಡಿಯತ್ತೆ, ಉದ್ದ ಸಾಲೇ ಓಡೋದು.

ಅಜ್ಜಿ ಹೋದ ಮೇಲೆ ಹಿತ್ತಲ ಬಾಗಿಲು ಗಾಳಿಗೆ
ತೆರೆದು
ಮುಚ್ಚಿ
ತೆರೆದು
ಮುಚ್ಚಿ
ಬಡಿದುಕೊಳ್ಳುತ್ತಲೇ ಇದೆ
ಯಾರೂ ಚಿಲಕ ಹಾಕಿಲ್ಲ

ಮೊದಲ ಸಾಲು 21 ಮಾತ್ರೆ, ಆಮೇಲೆ ನಾಲ್ಕು ಸಲ ಮೂರು ಮೂರು, ಕೊನೆ ಎರಡೂ 12. 'ತೆರೆದು', 'ಮುಚ್ಚಿ' ಎರಡೂ ಮೂರೇ ಮಾತ್ರೆ ಆಗಿದ್ದು ಅದೃಷ್ಟ, ಬಾಗಿಲು ಒಂದೇ ಹದದಲ್ಲಿ ಬಡೀತಿದೆ. ಅಳೆಯುವಾಗ ಪದ ಎಣಿಸಬೇಡಿ, ಮಾತ್ರೆ ಎಣಿಸಿ, ಯಾಕಂದ್ರೆ ನಮ್ಮಲ್ಲಿ 'ಬಡಿದುಕೊಳ್ಳುತ್ತಲೇ' ಅನ್ನೋ ಒಂದೇ ಪದಕ್ಕೆ 10 ಮಾತ್ರೆ, ಒಂಟಿ ಪದ ಇಟ್ರೂ ಸಾಲು ಗಿಡ್ಡ ಆಗಲ್ಲ.

ಇನ್ನೊಂದು, ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರತ್ತೆ. ಎಲ್ಲಾ ಸಾಲನ್ನೂ 'ಇದೆ', 'ಹಾಕಿಲ್ಲ' ಥರದಲ್ಲೇ ಮುಗಿಸಿದ್ರೆ ಪ್ರತಿ ಸಾಲಿಗೂ ಫುಲ್‌ಸ್ಟಾಪ್ ಬಿದ್ದ ಹಾಗಾಗತ್ತೆ. 'ಗಾಳಿಗೆ', 'ತೆರೆದು' ಅಂತ ಅರ್ಧಕ್ಕೆ ಬಿಟ್ರೆ ಮುಂದೇನು ಅಂತ ಕಣ್ಣು ತಾನಾಗೇ ಕೆಳಗಿಳಿಯತ್ತೆ.

ಬರೆದಿದ್ದನ್ನ ಫೋನಲ್ಲಿ ಒಂದ್ಸಲ ತೆಗೆದು ನೋಡಿ. ಉದ್ದ ಸಾಲು ಸ್ಕ್ರೀನಲ್ಲಿ ಹಿಡಿಸದೆ ಮಡಚ್ಕೊಂಡು 'ಗಾಳಿಗೆ' ಒಂದೇ ಕೆಳಗೆ ಬಿದ್ರೆ ಓದೋರು ಅದನ್ನೂ ಬೇಕಂತ ಮುರಿದ ಗಿಡ್ಡ ಸಾಲು ಅಂದ್ಕೋತಾರೆ, ಆಗ ಬಡಿತ ನಾಲ್ಕರ ಬದಲು ಐದಾಗತ್ತೆ. ಹಾಗಾದ್ರೆ 'ಅಜ್ಜಿ ಹೋದ ಮೇಲೆ' ಅನ್ನೋದನ್ನ ನೀವೇ ಬೇರೆ ಸಾಲು ಮಾಡಿಬಿಡಿ.

ಕೊನೆಗೆ 'ಹಾಕಿಲ್ಲ' ಒಂದನ್ನೇ ಕೆಳಗಿಳಿಸಿ ನೋಡಿದ್ದೆ. ಅಳು ಬರಿಸೋಕೆ ಒತ್ತಾಯ ಮಾಡಿದ ಹಾಗೆ ಕೇಳಿಸ್ತು, ವಾಪಸ್ ಮೇಲಕ್ಕೆ ಸೇರಿಸ್ದೆ.