ಉಸಿರು ಎಣಿಸಿದ ಮೇಲೆ ಕೆಲಸಕ್ಕೆ ಬಂದ ಸೆಪ್ಸಿಸ್ ಕಾರ್ಡ್

ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳೇ ಸೋಲುವುದು ಸೆಪ್ಸಿಸ್. ವಾರ್ಡಿನಲ್ಲಿ ಅದನ್ನು ಬೇಗ ಗುರುತಿಸಲು ನಾನು ಮಾಡಿದ ಮೊದಲ ಕಾರ್ಡ್‌ನಲ್ಲಿ ಟಿಕ್ ಹಾಕಲು 22 ಖಾನೆ ಇದ್ದವು. ಕಲರ್ ಪ್ರಿಂಟು, ಲ್ಯಾಮಿನೇಷನ್ ಸೇರಿ ಕೈಯಿಂದ ಸುಮಾರು 900 ರೂಪಾಯಿ ಹೋಯಿತು. ಎರಡು ವಾರದಲ್ಲಿ ಅವು ಟೀ ಲೋಟದ ಅಡಿ ಸೇರಿದ್ದವು. 36 ಬೆಡ್‌ಗೆ ರಾತ್ರಿ ಇಬ್ಬರೇ ಸಿಸ್ಟರ್, ಯಾರು ತುಂಬುತ್ತಾರೆ? "ಇದೆಲ್ಲಾ ಐಸಿಯುನವರಿಗೆ ಇರಲಿ ಬಿಡ್ರೀ" ಅಂದರು ಇನ್‌ಚಾರ್ಜ್.

ಎರಡನೆಯದರಲ್ಲಿ ಕ್ಯೂಸೋಫಾ ಎಂಬ ಚಿಕ್ಕ ಪಟ್ಟಿಯ ಮೂರೇ ಅಂಶ ಇಟ್ಟೆ: ಉಸಿರಿನ ವೇಗ, ಬಿಪಿ, ಪ್ರಜ್ಞೆ. ಸುಲಭವಾಯಿತು, ಆದರೆ ಅದು ಎಚ್ಚರಿಸುವಷ್ಟರಲ್ಲಿ ರೋಗಿ ಆಗಲೇ ಸೋತಿರುತ್ತಿದ್ದರು. 2021ರ ಸರ್ವೈವಿಂಗ್ ಸೆಪ್ಸಿಸ್ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅದೊಂದನ್ನೇ ನಂಬಬೇಡಿ ಅನ್ನುತ್ತದೆ. ಹಾಗಾಗಿ ನ್ಯೂಸ್-2 ಎಂಬ ಎಚ್ಚರಿಕೆ ಅಂಕಪಟ್ಟಿಗೆ ಬಂದೆ. ಹೇಗೂ ಬರೆಯುವ ಉಸಿರು, ನಾಡಿ, ಬಿಪಿಯಂಥ ವೈಟಲ್ಸ್‌ಗೇ ಅಂಕ. ಮೊತ್ತ 5 ಮುಟ್ಟಿ ಸೋಂಕಿನ ಅನುಮಾನವೂ ಇದ್ದರೆ ಡಾಕ್ಟರಿಗೆ ಫೋನ್.

ಆದರೂ ಒಂದು ತಿಂಗಳು ಒಬ್ಬ ರೋಗಿಯೂ ಕಾರ್ಡಿಗೆ ಸಿಕ್ಕಲಿಲ್ಲ. ಹಳೇ ಕೇಸ್ ಶೀಟ್ ತಿರುವಿದೆ. ಎಲ್ಲರ ಉಸಿರಾಟವೂ 20, 20, 20! ನಾನೂ ಹಾಗೇ ಬರೆದಿದ್ದೆ, ಸುಳ್ಳೇಕೆ. ಅವತ್ತೇ ಕಾರ್ಡಿನ ಮೊದಲ ಸಾಲು ಬದಲಾಯಿಸಿದೆ: "ಪೂರ್ತಿ ಒಂದು ನಿಮಿಷ ಎಣಿಸಿ." ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದು ಎಣಿಸಿ. ಎಣಿಸುತ್ತಿದ್ದೀರಿ ಅಂತ ಗೊತ್ತಾದರೆ ಉಸಿರಿನ ಓಟವೇ ಬೇರೆ.

ಮುಂದಿನ ವಾರವೇ ಒಬ್ಬರು ಅಜ್ಜಿ ಸಿಕ್ಕರು. ಶುಗರ್ ಇತ್ತು, ಉರಿಮೂತ್ರ ಅಂತ ಅಡ್ಮಿಟ್ ಆಗಿದ್ದರು. ಜ್ವರವೇ ಇಲ್ಲ, ಟೆಂಪರೇಚರ್ 36.4. ಆದರೆ ಮಗಳನ್ನು "ಅಕ್ಕಾ" ಅಂತ ಕರೆಯುತ್ತಿದ್ದರು. "ನಿದ್ದೆಗಣ್ಣು ಇರಬೇಕು ಸಿಸ್ಟರ್" ಅಂದಳು ಮಗಳು. ಶುಗರ್ ನೋಡಿದೆ, ಇಳಿದಿರಲಿಲ್ಲ. ಉಸಿರು 26, ನಾಡಿ 112, ಬಿಪಿ 98/60, ಆಕ್ಸಿಜನ್ 95. ಇವುಗಳ ಅಂಕಕ್ಕೆ ಆ ಗೊಂದಲದ ಅಂಕವನ್ನೂ ಕೂಡಿದರೆ 11.

ಕಾರ್ಡಿನ ಹಿಂಬದಿಯಲ್ಲಿ ಟಿಕ್ ಇಲ್ಲ, ಸಮಯ ಬರೆಯುವ ಗೆರೆಗಳಷ್ಟೇ. 2:10ಕ್ಕೆ ಫೋನ್. ಡಾಕ್ಟರ್ ಬರುವಷ್ಟರಲ್ಲಿ ಎರಡು ಕೈಗೂ ಲೈನ್ ಹಾಕಿದ್ದೆ. ರೋಗಾಣು ಪತ್ತೆಗೆ ಬೇರೆ ಬೇರೆ ಕಡೆ ಚುಚ್ಚಿ ಎರಡು ಸೆಟ್ ಕಲ್ಚರ್, ಜೊತೆಗೆ ದೇಹಕ್ಕೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್‌ಗೂ ರಕ್ತ ತೆಗೆದೆವು. 2:38ಕ್ಕೆ ಆ್ಯಂಟಿಬಯೋಟಿಕ್ ಹೋಯಿತು. ಕಲ್ಚರ್‌ಗೆ ರಕ್ತ ಸಿಗಲಿಲ್ಲ ಅಂತ ಔಷಧ ನಿಲ್ಲಿಸಿ ಕೂರಬೇಡಿ.

ಮುಂಚೆ ಇಂಡೆಂಟ್ ಕಳಿಸಿ ಔಷಧ ಬರಲು ಮುಕ್ಕಾಲು ಗಂಟೆ ಆಗುತ್ತಿತ್ತು. ಈಗ ಮೊದಲ ಡೋಸ್ ವಾರ್ಡ್ ಬೀರುವಿನಲ್ಲೇ ಇರುತ್ತದೆ. ಅದಕ್ಕೆ ಯಾರ ಸಹಿ ಹೇಗೆ ಹಾಕಿಸಿದೆ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ.

ಲ್ಯಾಕ್ಟೇಟ್ ನಾಲ್ಕರ ಮೇಲೆ ಬಂತು. ಡ್ರಿಪ್ ಕೆಜಿಗೆ 30 ಎಂಎಲ್ ಲೆಕ್ಕ. ಅಜ್ಜಿ 50 ಕೆಜಿ, ಅಂದರೆ ಅರ್ಧ ಲೀಟರಿನ ಆರ್‌ಎಲ್ ಡ್ರಿಪ್ ಮೂರು ಬಾಟಲ್. ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೇ ಅಂತ ಒಂದೊಂದು ಮುಗಿದಾಗಲೂ ಎದೆಗೆ ಸ್ಟೆತ್ ಇಟ್ಟು ಕೇಳಿದೆವು. ಹಾರ್ಟ್, ಕಿಡ್ನಿ ತೊಂದರೆ ಇರುವವರಲ್ಲಿ ಇಲ್ಲೇ ಎಡವುವುದು.

ನಡುವೆ ಉಗುರು ಒತ್ತಿ ಬಣ್ಣ ಮರಳುವುದನ್ನು ಎಣಿಸುವ ಪ್ರಯೋಗವನ್ನೂ ಮಾಡಿದೆ. ಮೂರು ಸೆಕೆಂಡ್ ದಾಟಿದರೆ ಅನುಮಾನ. ಫ್ಯಾನ್ ಕೆಳಗಿನ ತಣ್ಣನೆ ಕೈಗಳು ಸುಮ್ನೆ ಹೆದರಿಸಿದವು, ಕಾರ್ಡಿಗೆ ಸೇರಿಸಲಿಲ್ಲ.

ಬೆಳಿಗ್ಗೆ ಆರಕ್ಕೆ ಅಜ್ಜಿಯ ಮೇಲಿನ ಬಿಪಿ 112. ಯೂರಿನ್ ಬ್ಯಾಗ್‌ನಲ್ಲಿ 140 ಎಂಎಲ್ ಹತ್ತಿರ ಇತ್ತು. ಮಗಳನ್ನು ಹೆಸರು ಹಿಡಿದು ಕರೆದು ಕಾಫಿ ಕೇಳಿದರು. ಕಾರ್ಡಿಗೆ ಈಗ ಖರ್ಚು ಎಂಟೋ ಹತ್ತೋ ರೂಪಾಯಿ. ಕಳೆದ ವಾರ ಇನ್‌ಚಾರ್ಜ್ ಅವರೇ ನಾಲ್ಕು ಕೇಳಿ ಪಡೆದರು.