ಕಮಿಟಿ ಲೆಕ್ಕದಲ್ಲಿ ಯಾವಾಗ ಕಳೀಬೇಕು: ನನ್ನ ಅನುಭವ

ಅಕ್ಕನ ಮಗಳು ಫಸ್ಟ್ ಪಿಯುಸಿ. ಮೊನ್ನೆ ರಾತ್ರಿ ಪುಟದ ಫೋಟೋ ಹೊಡೆದು ವಾಟ್ಸಾಪಲ್ಲಿ ಕಳ್ಸಿದ್ಲು, "ಚಿಕ್ಕಮ್ಮ, ನಂಗೆ 1200 ಬರ್ತಿದೆ, ಹಿಂದ್ಗಡೆ ಉತ್ತರ ಬೇರೆ ಇದೆ" ಅಂತ. 7 ಗಂಡಸ್ರು, 5 ಹೆಂಗಸ್ರು, ಅದ್ರಲ್ಲಿ 5 ಜನರ ಕಮಿಟಿ ಮಾಡ್ಬೇಕು. ಟ್ಯೂಬ್‌ಲೈಟ್ ಬೆಳಕು ಸರಿಯಾಗಿ ಬೇಕಾದ ಪದದ ಮೇಲೇ ಬಿದ್ದಿತ್ತು, 2 ಹೆಂಗಸ್ರು "ಕನಿಷ್ಠ"ನೋ "ಗರಿಷ್ಠ"ನೋ ಕಾಣ್ತಿರ್ಲಿಲ್ಲ. ಒಂದ್ರಲ್ಲಿ 596, ಇನ್ನೊಂದ್ರಲ್ಲಿ 546, ಹಾಗಾಗಿ ಊಹೆ ಮಾಡೋದು ಬೇಡ ಅಂತ ಮತ್ತೆ ಫೋಟೋ ತೆಗೆಸ್ದೆ. ಕನಿಷ್ಠ.

ಅವಳು ಮಾಡಿದ್ದು: ಮೊದ್ಲು 2 ಹೆಂಗಸ್ರನ್ನ ಆರಿಸಿ, 10 ರೀತಿ, ಉಳಿದ 10 ಜನರಲ್ಲಿ ಯಾರಾದ್ರೂ 3 ಜನ, 120 ರೀತಿ, ಗುಣಿಸಿದ್ರೆ 1200. ಆದ್ರೆ ಯಾವ ಷರತ್ತೂ ಇಲ್ದೆ ಎಲ್ಲಾ ಕಮಿಟಿ ಸೇರಿದ್ರೂ 12C5 = 792 ಅಷ್ಟೇ! ಅಲ್ಲೇ ಗೊತ್ತಾಗುತ್ತೆ ಎಲ್ಲೋ ಎರಡೆರಡು ಸಲ ಎಣಿಸಿದೀವಿ ಅಂತ. 3 ಹೆಂಗಸ್ರಿರೋ ಕಮಿಟಿ ತಗೊಳ್ಳಿ, ಅವರಲ್ಲಿ "ಮೊದ್ಲ ಇಬ್ರು" ಯಾರು ಅಂತ 3 ರೀತಿ ಹೇಳ್ಬಹುದು, ಅದೇ ಕಮಿಟಿ 3 ಸಲ ಲೆಕ್ಕಕ್ಕೆ ಬಂತು.

ನಾನು ಇಂಥ ಲೆಕ್ಕ ಬಂದ್ರೆ ಮೊದ್ಲು ಪೇಪರ್ ಮೇಲೆ 0, 1, 2, 3, 4, 5 ಅಂತ ಹೆಂಗಸರ ಸಂಖ್ಯೆ ಬರ್ಕೊಂಡು ಬೇಡದಕ್ಕೆ ಗೀಟು ಹಾಕ್ತೀನಿ. ಇಲ್ಲಿ ಗೀಟು ಬಿದ್ದಿದ್ದು 0, 1 ಎರಡಕ್ಕೆ, ಉಳಿದಿದ್ದು ನಾಲ್ಕು, ಹಾಗಾಗಿ ಕಳೆಯೋದೇ ಲಾಭ. ಹೆಂಗಸರೇ ಇಲ್ಲದ್ದು 7C5 = 21, ಒಬ್ಬರೇ ಇರೋದು 5 × 7C4 = 175, ಒಟ್ಟು 196. 792 − 196 = 596. "ಕನಿಷ್ಠ 3" ಅಂದಿದ್ರೆ ಆ ಕಡೆ ಮೂರು ಈ ಕಡೆ ಮೂರು, ಕಳೆದು ಏನೂ ಉಳಿತಾಯ ಇಲ್ಲ, ನೇರವಾಗೇ ಕೂಡಿಸ್ತಿದ್ದೆ.

ಫೋಟೋದ ಕೆಳಗೆ ಅರ್ಧ ಕಟ್ ಆಗಿದ್ದ ಎರಡನೇ ಭಾಗನೇ ಮಜಾ ಇತ್ತು: ಇದೇ ಷರತ್ತು ಇಟ್ಕೊಂಡು, ಒಬ್ಬ ಗಂಡಸು ಒಬ್ಳು ಹೆಂಗಸು ಒಟ್ಟಿಗೆ ಇರೋ ಹಾಗಿಲ್ಲ. ನಾವು ರಾಜಪ್ಪ, ಗೌರಮ್ಮ ಅಂತ ಹೆಸರಿಟ್ಕೊಂಡ್ವಿ. ಅವಳು ಇಬ್ರನ್ನೂ ಕೂರಿಸಿ ಉಳಿದ 3 ಜನಕ್ಕೆ 10C3 = 120 ಅಂತ ಹಿಡಿದು, 596ರಿಂದ ಕಳೆದು 476 ಅಂದ್ಲು. ತಪ್ಪು, ಯಾಕಂದ್ರೆ ಆ 120ರಲ್ಲಿ ಗೌರಮ್ಮ ಒಬ್ಬಳೇ ಹೆಂಗಸಾಗಿರೋ 6C3 = 20 ಕಮಿಟಿ ಮೊದ್ಲೇ 196ರ ಜೊತೆ ಹೋಗಿದೆ. ಇಲ್ಲದ್ದನ್ನ ಮತ್ತೆ ಕಳೆದ ಹಾಗಾಯ್ತು. ಕಳೀಬೇಕಾಗಿದ್ದು 100, ಉತ್ತರ 496.

ನಂಬ್ಲಿಲ್ಲ ಅವಳು. ಇಬ್ರೂ ಇದ್ದು ಇನ್ನೊಬ್ಬ ಹೆಂಗಸಾದ್ರೂ ಇರೋ ಕಮಿಟಿಗಳನ್ನ ನೇರವಾಗಿ ಎಣಿಸಿದ್ಲು, 60 + 36 + 4, ಸರಿಯಾಗಿ ನೂರು ಬಂದ ಮೇಲೇ ಫೋನ್ ಇಟ್ಟಿದ್ದು.